ಡೆಟರ್ಸ್ ಫೈಲನ್ನು ಮುಚ್ಚುವುದು ಹೇಗೆ: ವರ್ಕಿಂಗ್ ಪೇಪರ್, ರಿವ್ಯೂ ನೋಟ್, ಸಹಿ

ಆಡಿಟ್ ಫೈಲುಗಳಲ್ಲಿ ಅತಿ ಹೆಚ್ಚು ಕಾಣಸಿಗುವ ವಾಕ್ಯ ಎಂದರೆ ‘ಪರಿಶೀಲಿಸಲಾಗಿದೆ, ಸರಿ ಇದೆ’. ಏನನ್ನು ಪರಿಶೀಲಿಸಿದರು, ಎಷ್ಟನ್ನು, ಯಾವುದರ ಜೊತೆ ಹೋಲಿಸಿ, ಯಾವತ್ತು ಎಂಬ ಒಂದು ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಐಸಿಎಐ ಹೊರಡಿಸಿರುವ ಆಡಿಟಿಂಗ್ ಮಾನದಂಡ ಎಸ್‌ಎ 230 ಕೇಳುವುದು ಇವನ್ನೇ. ಈ ಆಡಿಟ್‌ನಲ್ಲಿ ಕೈಯಾಡಿಸದ, ಆದರೆ ಅನುಭವವಿರುವ ಇನ್ನೊಬ್ಬ ಆಡಿಟರ್ ಫೈಲು ತೆರೆದರೆ ಅವರಿಗೆ ಮೂರು ಸಂಗತಿ ಗೊತ್ತಾಗಬೇಕು: ಯಾವ ಕೆಲಸವನ್ನು ಯಾವಾಗ ಎಷ್ಟರ ಮಟ್ಟಿಗೆ ಮಾಡಿದ್ದಾರೆ, ಅದರಿಂದ ಏನು ಸಿಕ್ಕಿತು, ಮುಖ್ಯ ವಿಷಯಗಳಲ್ಲಿ ಯಾವ ತೀರ್ಮಾನಕ್ಕೆ ಯಾಕೆ ಬಂದರು. ಕೆಲಸ ಮಾಡಿದವರನ್ನು ಕರೆದು ಕೇಳುವ ಅಗತ್ಯ ಬೀಳಬಾರದು. ಬಾಯಿಮಾತಿನ ವಿವರಣೆ ಪೇಪರಿನಲ್ಲಿ ಇರುವುದನ್ನು ಬಿಡಿಸಿ ಹೇಳಲು ಸಾಕು, ಇಲ್ಲದ್ದನ್ನು ತುಂಬಿಕೊಡಲು ಸಾಲದು.

ಇಡೀ ಫೈಲಿನ ಬಗ್ಗೆ ಹೇಳಹೊರಟರೆ ಎಲ್ಲವೂ ಮೇಲ್ಮೇಲೆ ಹೋಗುತ್ತದೆ. ಒಂದೇ ಪೇಪರನ್ನು ಹಿಡಿದು ಕೊನೆಯವರೆಗೂ ಹೋಗೋಣ. ಉದಾಹರಣೆಗೆಂದು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯನ್ನು ಕಲ್ಪಿಸಿಕೊಳ್ಳಿ. ವರ್ಷ 31 ಮಾರ್ಚ್ 2025ಕ್ಕೆ ಮುಗಿದಿದೆ. ಅಂದು 146 ಗ್ರಾಹಕರಿಂದ ಬರಬೇಕಾದ ಬಾಕಿ ₹4.82 ಕೋಟಿ. ತೆರಿಗೆಗೆ ಮುಂಚಿನ ಲಾಭ ₹3.2 ಕೋಟಿ. ಅದರ ಶೇ 5ರಂತೆ ಒಟ್ಟಾರೆ ಮೆಟೀರಿಯಾಲಿಟಿ, ಅಂದರೆ ಲೆಕ್ಕಪತ್ರ ಓದುವವರ ನಿರ್ಧಾರ ಬದಲಿಸಬಲ್ಲ ತಪ್ಪಿನ ಮಟ್ಟ, ₹16 ಲಕ್ಷ, ಅದರ ಮುಕ್ಕಾಲು ಭಾಗ, ಅಂದರೆ ₹12 ಲಕ್ಷ, ಪರೀಕ್ಷೆಗೆ ಬಳಸುವ ಇನ್ನೂ ಬಿಗಿಯಾದ ಮಿತಿ, ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿ. ಲೆಕ್ಕಕ್ಕೆ ಬಾರದಷ್ಟು ಚಿಕ್ಕದು ಎಂದು ಬಿಡುವ ಮಿತಿ ₹80,000. ಈ ಮೂರು ಅಂಕಿಗಳನ್ನು ಪ್ಲಾನಿಂಗ್ ಪೇಪರಿನಲ್ಲಿ ಕಾರಣ ಸಹಿತ ಬರೆದಿರಬೇಕು. ಮುಂದಿನ ಪ್ರತಿ ನಿರ್ಧಾರವೂ ಅವುಗಳ ಮೇಲೇ ನಿಲ್ಲುತ್ತದೆ. ನಮ್ಮ ಪೇಪರು ಗ್ರಾಹಕರ ಈ ಬಾಕಿಗಳ ವಿಭಾಗವಾದ ಡೆಟರ್ಸ್‌ನ ಮೂರನೆಯದು, ಅಂದರೆ ಬ್ಯಾಲೆನ್ಸ್ ಕನ್ಫರ್ಮೇಷನ್. ಅದರ ನಂಬರ್ `D-3`.

ಮೊದಲು ಪೇಪರಿನ ತಲೆಭಾಗ

ಕ್ಲೈಂಟ್ ಹೆಸರು, ವರ್ಷಾಂತ್ಯ, ವಿಷಯ, ಪೇಪರ್ ನಂಬರ್, ತಯಾರಿಸಿದವರು ಮತ್ತು ಮುಗಿಸಿದ ದಿನ, ನೋಡಿದವರು ಮತ್ತು ನೋಡಿದ ದಿನ. ಇಷ್ಟನ್ನು ಎಲ್ಲರೂ ಹಾಕುತ್ತಾರೆ. ಬಿಟ್ಟುಹೋಗುವುದು ಮಾಹಿತಿಯ ಮೂಲ. ಈ ಡೆಟರ್ಸ್ ಪಟ್ಟಿ ಎಲ್ಲಿಂದ ಬಂತು? ಟ್ಯಾಲಿಯಿಂದ ನಾವೇ ತೆಗೆದದ್ದೋ, ಅಕೌಂಟೆಂಟ್ ಎಕ್ಸೆಲ್‌ನಲ್ಲಿ ಮಾಡಿ ಕಳಿಸಿದ್ದೋ? ಕ್ಲೈಂಟ್ ಕೊಟ್ಟದ್ದಾದರೆ ಹಾಗೆಂದೇ ಬರೆದು, ಒಟ್ಟು ಮೊತ್ತವನ್ನು ನಾವು ಕೂಡಿ ನೋಡಿದ್ದೇವೆ, ವಿಭಾಗದ ಒಟ್ಟು ಅಂಕಿ ತೋರಿಸುವ ಲೀಡ್ ಶೆಡ್ಯೂಲ್ `D-1`ಕ್ಕೂ ಟ್ರಯಲ್ ಬ್ಯಾಲೆನ್ಸಿಗೂ ತಾಳೆಯಾಗಿದೆ ಎಂದು ಪಕ್ಕದಲ್ಲೇ ನಮೂದಿಸಬೇಕು. ಪಟ್ಟಿಯೇ ಪೂರ್ತಿಯಲ್ಲದಿದ್ದರೆ ಅದರಿಂದ ಆರಿಸಿದ ಸ್ಯಾಂಪಲ್‌ಗೆ ಅರ್ಥವಿಲ್ಲ.

ಟ್ರಯಲ್ ಬ್ಯಾಲೆನ್ಸ್ ಯಾವ ದಿನ ತೆಗೆದದ್ದು ಎಂಬುದನ್ನೂ ಬರೆಯಿರಿ. ಏಪ್ರಿಲ್‌ನಲ್ಲಿ ಕೊಟ್ಟ ಟ್ರಯಲ್ ಬ್ಯಾಲೆನ್ಸ್ ಜುಲೈ ಹೊತ್ತಿಗೆ ನಾಲ್ಕು ಸಲ ಬದಲಾಗಿರುತ್ತದೆ. ಕೊನೆಯ ಬ್ಯಾಲೆನ್ಸ್ ಶೀಟಿನಲ್ಲಿರುವ ಅಂಕಿಗೂ ಫೈಲಿನಲ್ಲಿರುವ ಅಂಕಿಗೂ ಹೊಂದದಿರುವುದು ರಿವ್ಯೂನಲ್ಲಿ ಸಿಗುವ ತೀರಾ ಸಾಮಾನ್ಯ ದೋಷ. ಬಹುತೇಕ ಇದೇ ಕಾರಣ.

ತಲೆಭಾಗದ ಕೆಳಗೆ ಉದ್ದೇಶ ಬರಬೇಕು. ‘ಡೆಟರ್ಸ್ ಚೆಕ್ ಮಾಡುವುದು’ ಎಂಬುದು ಉದ್ದೇಶವಲ್ಲ. ‘31.3.2025ರಂದು ತೋರಿಸಿರುವ ಬಾಕಿ ನಿಜಕ್ಕೂ ಇದೆಯೇ, ಮೊತ್ತ ಸರಿಯೇ ಎಂದು ಗ್ರಾಹಕರಿಂದಲೇ ನೇರವಾಗಿ ತಿಳಿಯುವುದು. ವಸೂಲಾಗುತ್ತದೆಯೇ ಎಂಬುದು `D-4`ರಲ್ಲಿ’ ಎಂದು ಬರೆದರೆ ಪೇಪರಿನ ಎಲ್ಲೆಯೂ ತಿಳಿಯುತ್ತದೆ. ‘ಹೌದು, ನಾವು ಕೊಡಬೇಕು’ ಎಂದು ಗ್ರಾಹಕ ಬರೆದುಕೊಟ್ಟರೂ ಕೊಡುವ ಶಕ್ತಿ ಅವನಿಗಿದೆ ಎಂದಾಗುವುದಿಲ್ಲ. ಕನ್ಫರ್ಮೇಷನ್ ಬಂತೆಂದು ಹಳೇ ಬಾಕಿಗೆ ಪ್ರಾವಿಷನ್ ಬೇಡ ಎಂದು ತೀರ್ಮಾನಿಸಿರುವ ಫೈಲುಗಳಿವೆ.

ಸ್ಯಾಂಪಲ್ ಯಾಕೆ ಇಷ್ಟೇ

`D-3`ರಲ್ಲಿ ಹೀಗೆ ಬರೆದಿದೆ: ₹12 ಲಕ್ಷ ದಾಟಿದ 9 ಗ್ರಾಹಕರನ್ನು ಪೂರ್ತಿ ತೆಗೆದುಕೊಂಡಿದ್ದೇವೆ, ಒಟ್ಟು ₹2.91 ಕೋಟಿ. ಉಳಿದ 137 ಗ್ರಾಹಕರ ₹1.91 ಕೋಟಿಯಿಂದ 16 ಜನರನ್ನು ಆರಿಸಿದ್ದೇವೆ, ಒಟ್ಟು ₹46 ಲಕ್ಷ. ಹೀಗೆ 25 ಪತ್ರಗಳಲ್ಲಿ ₹3.37 ಕೋಟಿ, ಅಂದರೆ ಬಾಕಿಯ ಶೇ 70ರಷ್ಟು ಸಿಕ್ಕಿತು.

ಆ 16 ಜನರನ್ನು ಹೇಗೆ ಆರಿಸಿದಿರಿ ಎಂಬ ಸಾಲೂ ಬೇಕು. ಯಾವ ಕ್ರಮದಲ್ಲಿ ಜೋಡಿಸಿದ ಪಟ್ಟಿ, ಎಲ್ಲಿಂದ ಶುರು, ಎಷ್ಟೆಷ್ಟು ಅಂತರಕ್ಕೆ ಒಂದು ಎಂದು ಬರೆದಿದ್ದರೆ ಬೇರೆಯವರು ಮತ್ತೆ ಮಾಡಿದರೂ ಅದೇ 16 ಹೆಸರು ಬರಬೇಕು. ‘ರ‍್ಯಾಂಡಮ್ ಆಗಿ ತೆಗೆದಿದ್ದೇವೆ’ ಎಂದು ಬರೆದು ವಿಳಾಸ ಸುಲಭವಾಗಿ ಸಿಕ್ಕ ಗ್ರಾಹಕರನ್ನೇ ತೆಗೆದಿದ್ದರೆ ಅದು ಹೆಸರಿನ ಪಟ್ಟಿ ನೋಡಿದರೇ ಗೊತ್ತಾಗುತ್ತದೆ. ಹದಿನಾರಕ್ಕೆ ಹದಿನಾಲ್ಕೂ ಬೆಂಗಳೂರಿನವೇ ಆಗಿರುತ್ತವೆ.

ಪರೀಕ್ಷಿಸಿದ ಪ್ರತಿಯೊಂದಕ್ಕೂ ಗುರುತು ಬೇಕು. ಇನ್‌ವಾಯ್ಸ್ ಆದರೆ ನಂಬರು, ದಿನಾಂಕ, ಮೊತ್ತ. ಹಾಗೆಂದು ಇನ್‌ವಾಯ್ಸುಗಳ ಜೆರಾಕ್ಸ್ ಪೇರಿಸಬೇಕಾಗಿಲ್ಲ. ಮತ್ತೆ ಹುಡುಕಿ ತೆಗೆಯುವಷ್ಟು ವಿವರವಿದ್ದರೆ ಸಾಕು. ಪ್ರತಿ ಇಟ್ಟುಕೊಳ್ಳಬೇಕಾದದ್ದು ವ್ಯತ್ಯಾಸ ಕಂಡ ಕಡೆ, ತಕರಾರು ಇರುವ ಕಡೆ. ಎಲ್ಲವೂ ಸರಿಯಿದ್ದ ಇನ್ನೂರು ಬಿಲ್‌ಗಳ ಸ್ಕ್ಯಾನ್ ಇದ್ದು, ತಪ್ಪು ಸಿಕ್ಕ ಒಂದೇ ಬಿಲ್‌ನ ಪ್ರತಿ ಇಲ್ಲದಿರುವುದು ಅಪರೂಪವೇನಲ್ಲ.

ಕೆಲಸ ಮತ್ತು ಫಲ

ಪತ್ರಗಳನ್ನು ಕಳಿಸಿದ್ದು ಯಾರು, ಉತ್ತರ ಯಾರ ಕೈಗೆ ಬಂತು ಎಂಬ ಚಿಕ್ಕ ರಿಜಿಸ್ಟರ್ ಈ ಪೇಪರಿನ ಜೀವ. ಎಸ್‌ಎ 505ರ ಪ್ರಕಾರ ಇಡೀ ಪ್ರಕ್ರಿಯೆ ಆಡಿಟರ ಹಿಡಿತದಲ್ಲೇ ಇರಬೇಕು. ಕಂಪನಿಯ ಲೆಟರ್‌ಹೆಡ್‌ನಲ್ಲಿ ಪತ್ರ ಇರಲಿ, ಅದನ್ನು ಕಳಿಸುವವರು ನಾವು, ಉತ್ತರ ಬರಬೇಕಾದದ್ದು ನಮ್ಮ ವಿಳಾಸಕ್ಕೆ. ಅಕೌಂಟೆಂಟ್ ‘ತಗೊಳ್ಳಿ ಸರ್, ಎಲ್ಲಾ ಬಂದಿದೆ’ ಎಂದು ಕಟ್ಟು ತಂದುಕೊಟ್ಟರೆ ಅವು ಕಂಪನಿಯೇ ಒದಗಿಸಿದ ಕಾಗದ, ಹೊರಗಿನ ಪುರಾವೆಯಲ್ಲ. ಇಮೇಲ್‌ನಲ್ಲಿ ಬಂದಿದ್ದರೆ ಕಳಿಸಿದ ವಿಳಾಸ ಗ್ರಾಹಕ ಕಂಪನಿಯ ಡೊಮೇನ್‌ನದೇ ಎಂದು ನೋಡಿ. ಸಾಮಾನ್ಯ ಜಿಮೇಲ್ ವಿಳಾಸವಾದರೆ, ಗ್ರಾಹಕರ ಫೋನ್ ನಂಬರನ್ನು ನಾವೇ ಬೇರೆ ಮೂಲದಿಂದ ತೆಗೆದು ಮಾತಾಡಿ, ಯಾರ ಜೊತೆ ಯಾವ ದಿನ ಮಾತಾಡಿದ್ದು ಎಂದು ಬರೆಯಬೇಕು.

ನಮ್ಮ ಉದಾಹರಣೆಯಲ್ಲಿ 25ರಲ್ಲಿ 17 ಉತ್ತರ ಬಂದವು, ₹2.38 ಕೋಟಿಗೆ. ಅವುಗಳಲ್ಲಿ 14 ಹೊಂದಿದವು, 3ರಲ್ಲಿ ವ್ಯತ್ಯಾಸ. ಉತ್ತರ ಬಾರದ 8ರ ಮೊತ್ತ ₹99 ಲಕ್ಷ. ಬಾರದವುಗಳಿಗೆ ಬೇರೆ ದಾರಿ ಹಿಡಿಯಬೇಕು. ವರ್ಷಾಂತ್ಯದ ನಂತರ ಹಣ ಬಂತೇ ಎಂದು ನೋಡುವುದು ಒಳ್ಳೆಯ ದಾರಿ. 31 ಮೇವರೆಗೆ ₹71 ಲಕ್ಷ ಬಂದಿದೆ. ಉಳಿದ ₹28 ಲಕ್ಷಕ್ಕೆ ಇನ್‌ವಾಯ್ಸ್, ಇ-ವೇ ಬಿಲ್, ಮಾಲು ತಲುಪಿದ ರಸೀದಿ ನೋಡಲಾಗಿದೆ.

ಇಲ್ಲಿ ತರಬೇತಿಯಲ್ಲಿರುವ ಆರ್ಟಿಕಲ್ ಅಸಿಸ್ಟೆಂಟರು ಎಡವುವ ಜಾಗ ಎರಡು. ಒಂದು, ಹಣ ಬಂದದ್ದನ್ನು ಗ್ರಾಹಕರ ಲೆಡ್ಜರ್‌ನಲ್ಲಿ ನೋಡಿ ಟಿಕ್ ಹಾಕುವುದು. ಲೆಡ್ಜರ್ ಬರೆದವರೂ ಕಂಪನಿಯವರೇ, ಆದ್ದರಿಂದ ಬ್ಯಾಂಕ್ ಸ್ಟೇಟ್‌ಮೆಂಟಿನ ಸಾಲಿಗೆ ಹೋಗಲೇಬೇಕು. ಎರಡು, ಮೇ ತಿಂಗಳಲ್ಲಿ ಬಂದ ₹9 ಲಕ್ಷವನ್ನು ಮಾರ್ಚ್ ಬಾಕಿಯ ಎದುರು ಹಿಡಿದುಬಿಡುವುದು. ಆ ಹಣ ಏಪ್ರಿಲ್‌ನಲ್ಲಿ ಆದ ಮಾರಾಟದ್ದೂ ಆಗಿರಬಹುದು. ಯಾವ ಇನ್‌ವಾಯ್ಸಿಗೆ ಕೊಟ್ಟದ್ದು ಎಂದು ಗ್ರಾಹಕರ ಪಾವತಿ ವಿವರದಿಂದ ಹಿಡಿಯಬೇಕು. ಅದು ಇಲ್ಲವಾದರೆ ಬಂದ ಮೊತ್ತಕ್ಕೆ ಹೊಂದುವ ಇನ್‌ವಾಯ್ಸುಗಳನ್ನು ಗುರುತಿಸಿ ಬರೆಯಬೇಕು.

ಇನ್ನು ಮೂರು ವ್ಯತ್ಯಾಸಗಳು. ಆರ್ಟಿಕಲ್ ಅಸಿಸ್ಟೆಂಟ್ 2 ಜೂನ್ 2025ರಂದು ಮುಗಿಸಿದ ಪೇಪರಿನಲ್ಲಿ ಅವನ್ನು ಹೀಗೆ ಬರೆದಿದ್ದರು:

‘ಗ್ರಾಹಕ 4: ₹6,49,000. ಮಾಲು ದಾರಿಯಲ್ಲಿತ್ತು. ಟೈಮಿಂಗ್ ವ್ಯತ್ಯಾಸ. ಸರಿ ಇದೆ.
ಗ್ರಾಹಕ 13: ₹1,15,000. ಹಣ 31ಕ್ಕೆ ಕಳಿಸಿದ್ದಾರೆ, ನಮಗೆ 1 ಏಪ್ರಿಲ್‌ಗೆ ಜಮೆ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದೆ.
ಗ್ರಾಹಕ 21: ₹42,000. ರೇಟ್ ವ್ಯತ್ಯಾಸ. ಮಿತಿಗಿಂತ ಕಡಿಮೆ, ಬಿಟ್ಟಿದೆ.
ತೀರ್ಮಾನ: ಡೆಟರ್ಸ್ ಬಾಕಿ ಸರಿ ಇದೆ.’

ಎರಡನೆಯದು ಸರಿಯಾಗಿದೆ. ಏನಾಯಿತು, ಯಾವುದನ್ನು ನೋಡಿ ಖಚಿತಪಡಿಸಿಕೊಂಡೆ ಎಂಬ ಎರಡೂ ಇವೆ. ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟವನ್ನೂ ತೋರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಮೊದಲನೆಯದು ಮತ್ತು ಮೂರನೆಯದು ರಿವ್ಯೂನಲ್ಲಿ ಹಿಡಿಯಲೇಬೇಕಾದವು.

ರಿವ್ಯೂ ನೋಟ್ ಬರೆಯುವ ರೀತಿ

ರಿವ್ಯೂ ಮಾಡುವವರು ಬರೆಯುವ ನೋಟ್‌ನಲ್ಲಿ ಮೂರು ಅಂಶಗಳಿರಬೇಕು: ಯಾವ ಪೇಪರಿನ ಯಾವ ಸಾಲು, ಅನುಮಾನ ಏನು, ಅದು ತೀರಲು ಯಾವ ಕಾಗದ ನೋಡಬೇಕು. ‘ದಯವಿಟ್ಟು ಪರಿಶೀಲಿಸಿ’, ‘ವಿವರ ಬೇಕು’, ‘ವ್ಯತ್ಯಾಸಕ್ಕೆ ಕಾರಣ?’ ಎಂಬ ನೋಟ್‌ಗಳಿಗೆ ‘ಪರಿಶೀಲಿಸಿದೆ’ ಎಂಬ ಉತ್ತರವೇ ಬರುತ್ತದೆ. ತಪ್ಪು ಕೇಳಿದವರದು.

ಸೀನಿಯರ್ 6 ಜೂನ್‌ಗೆ ಬರೆದ ಮೊದಲ ನೋಟ್:

‘`D-3`, ಗ್ರಾಹಕ 4. ಇನ್‌ವಾಯ್ಸ್ 29.3.2025ರದು, ಗ್ರಾಹಕರು ಮಾಲು ಪಡೆದದ್ದು 3.4.2025 ಎಂದು ಉತ್ತರದಲ್ಲಿದೆ. ಪರ್ಚೇಸ್ ಆರ್ಡರ್‌ನ ಷರತ್ತು ಏನು, ನಮ್ಮ ಗೇಟಿನಿಂದಲೋ, ಅವರ ಗೇಟಿನವರೆಗೋ? ಅವರ ಗೇಟಿನವರೆಗೆ ಎಂದಿದ್ದರೆ ಮಾರಾಟ ಮಾರ್ಚ್‌ಗೆ ಬರುವುದಿಲ್ಲ. ಪರ್ಚೇಸ್ ಆರ್ಡರ್, ಲಾರಿ ರಸೀದಿಯಾದ ಎಲ್‌ಆರ್, ತಲುಪಿದ ರಸೀದಿ ನೋಡಿ. 31.3ರ ಸ್ಟಾಕ್ ಎಣಿಕೆಯಲ್ಲಿ ಈ ಮಾಲು ಸೇರಿದೆಯೇ ಎಂದೂ ನೋಡಿ.’

ಈ ನೋಟ್ ಉದ್ದವಾಯಿತು ಎನ್ನುವವರಿರಬಹುದು. ಆದರೆ ಇಷ್ಟು ಬರೆದದ್ದರಿಂದ ಎರಡನೇ ಸಲ ಕೇಳುವ ಕೆಲಸ ತಪ್ಪಿತು. ‘ಮಾಲು ದಾರಿಯಲ್ಲಿತ್ತು’ ಎಂಬುದು ವ್ಯತ್ಯಾಸಕ್ಕೆ ಕಾರಣ ಹೇಳುತ್ತದೆ, ಆದರೆ ಎರಡು ಲೆಕ್ಕಗಳಲ್ಲಿ ಯಾವುದು ಸರಿ ಎಂದು ಹೇಳುವುದಿಲ್ಲ. ಈ ಕಂಪನಿ ಹಳೆಯ ಲೆಕ್ಕಪತ್ರ ಮಾನದಂಡ ಎಎಸ್ 9ರ ಅಡಿಯಲ್ಲಿದೆ. ಅದರಂತೆ ಮಾಲಿನ ಮುಖ್ಯ ಲಾಭನಷ್ಟದ ಹೊಣೆ ಗ್ರಾಹಕರಿಗೆ ಹೋದ ಮೇಲಷ್ಟೇ ಮಾರಾಟ ತೋರಿಸಬೇಕು. ಪರ್ಚೇಸ್ ಆರ್ಡರ್ ತೆಗೆದಾಗ ಷರತ್ತು ಎಫ್‌ಒಆರ್ ಡೆಸ್ಟಿನೇಷನ್, ಅಂದರೆ ಅವರ ಗೇಟಿನವರೆಗೆ ಎಂದಿತ್ತು, ದಾರಿಯಲ್ಲಿ ಹಾಳಾದರೆ ನಷ್ಟ ಕಂಪನಿಯದೇ. ಅಂದರೆ ಇದು ಟೈಮಿಂಗ್ ವ್ಯತ್ಯಾಸವಲ್ಲ, ವರ್ಷ ತಪ್ಪಿದ ಮಾರಾಟ. ₹6,49,000ದಲ್ಲಿ ಶೇ 18ರ ಜಿಎಸ್‌ಟಿ ₹99,000 ಬಿಟ್ಟರೆ ಮಾರಾಟದ ಮೊತ್ತ ₹5,50,000.

ಎರಡನೇ ನೋಟ್ ಚಿಕ್ಕದು, ಆದರೆ ಹೆಚ್ಚಿನವರ ಕಣ್ಣಿಗೆ ಬೀಳದ್ದು:

‘`D-3`, ಗ್ರಾಹಕ 21. ಇದು 16ರ ಸ್ಯಾಂಪಲ್‌ನಲ್ಲಿ ಸಿಕ್ಕ ತಪ್ಪು. ಮಿತಿಯ ಜೊತೆ ₹42,000 ಹೋಲಿಸುವುದಲ್ಲ. ಪೂರ್ತಿ ₹1.91 ಕೋಟಿಗೆ ವಿಸ್ತರಿಸಿ ನೋಡಿ.’

ದೊಡ್ಡ 9 ಬಾಕಿಗಳನ್ನು ಪೂರ್ತಿ ನೋಡಿದ್ದೇವೆ. ಅಲ್ಲಿ ಸಿಕ್ಕ ತಪ್ಪು ಎಷ್ಟೋ ಅಷ್ಟೇ. ಆದರೆ ಉಳಿದ 137ರಲ್ಲಿ ನೋಡಿದ್ದು ₹46 ಲಕ್ಷ ಮಾತ್ರ. ಅಷ್ಟರಲ್ಲಿ ₹42,000 ತಪ್ಪು ಸಿಕ್ಕಿದ್ದರೆ, ಅದೇ ಅನುಪಾತದಲ್ಲಿ ₹191 ಲಕ್ಷಕ್ಕೆ ಎಷ್ಟು? 42,000ವನ್ನು 46ರಿಂದ ಭಾಗಿಸಿ 191ರಿಂದ ಗುಣಿಸಿದರೆ ಸುಮಾರು ₹1.74 ಲಕ್ಷ. ಅದು ₹80,000ದ ಮಿತಿಯ ಎರಡು ಪಟ್ಟಿಗೂ ಹೆಚ್ಚು. ಸ್ಯಾಂಪಲ್‌ನಲ್ಲಿ ಸಿಕ್ಕ ತಪ್ಪನ್ನು ಹೀಗೆ ವಿಸ್ತರಿಸಬೇಕು ಎಂದು ಎಸ್‌ಎ 530 ಹೇಳುತ್ತದೆ. ‘ಇದು ಒಂದೇ ಒಂದು ವಿಶೇಷ ಪ್ರಕರಣ, ವಿಸ್ತರಿಸುವ ಅಗತ್ಯವಿಲ್ಲ’ ಎಂಬ ವಾದವನ್ನು ಆ ಮಾನದಂಡ ತೀರಾ ಅಪರೂಪಕ್ಕೆ, ಅದೂ ಹೆಚ್ಚಿನ ಪುರಾವೆಯೊಂದಿಗೆ ಮಾತ್ರ ಒಪ್ಪುತ್ತದೆ. ರೇಟ್ ವ್ಯತ್ಯಾಸ ವಿಶೇಷ ಪ್ರಕರಣವಾಗುವುದು ಕಷ್ಟ. ಬಿಡಿಭಾಗ ಮಾರುವ ಊರಿನಲ್ಲೆಲ್ಲಾ ಅದು ದಿನನಿತ್ಯದ್ದು.

ಉತ್ತರ, ಮತ್ತೆ ಕೆಲಸ, ಮುಚ್ಚುವುದು

ನೋಟ್‌ಗೆ ಮೂರು ಸ್ಥಿತಿಗಳಿರಲಿ: ತೆರೆದಿದೆ, ಉತ್ತರಿಸಿದೆ, ಮುಚ್ಚಿದೆ. ಉತ್ತರಿಸುವವರು ಕೆಲಸ ಮಾಡಿದವರು, ಮುಚ್ಚುವವರು ನೋಟ್ ಎತ್ತಿದವರು. ಅವರು ರಜೆಯಲ್ಲಿದ್ದರೆ ಅಥವಾ ಫರ್ಮ್ ಬಿಟ್ಟಿದ್ದರೆ ಅವರಿಗೆ ಸಮಾನ ಅಥವಾ ಮೇಲಿನ ಹಂತದವರು ಮುಚ್ಚಬೇಕು. ಉತ್ತರಿಸಿದವರೇ ಮುಚ್ಚಿಕೊಳ್ಳುವ ಪದ್ಧತಿ ಗಡುವಿನ ವಾರದಲ್ಲಿ ಸದ್ದಿಲ್ಲದೆ ಶುರುವಾಗುತ್ತದೆ. ಸಾಫ್ಟ್‌ವೇರ್ ಇದ್ದರೆ ಆ ಅನುಮತಿಯನ್ನೇ ತೆಗೆದುಬಿಡಿ.

ಮೊದಲ ನೋಟ್‌ಗೆ ಬಂದ ಉತ್ತರ ಹೀಗಿತ್ತು: ‘ಎಫ್‌ಒಆರ್ ಡೆಸ್ಟಿನೇಷನ್. ತಲುಪಿದ್ದು 3.4. ಅಕೌಂಟ್ಸ್ ಮ್ಯಾನೇಜರಿಗೆ ಹೇಳಿದೆ, ₹5.50 ಲಕ್ಷದ ಮಾರಾಟ ತೆಗೆಯುತ್ತಾರೆ.’ ಮುಚ್ಚಬಹುದು ಅನ್ನಿಸುತ್ತದೆ. ಸೀನಿಯರ್ ಮುಚ್ಚಲಿಲ್ಲ, ಒಂದು ಸಾಲು ಸೇರಿಸಿದರು: ‘ಇದೇ ಷರತ್ತಿನ ಬೇರೆ ಬಿಲ್‌ಗಳು?’

ರಿವ್ಯೂ ನಿಜಕ್ಕೂ ಕೆಲಸ ಮಾಡುವುದು ಇಂಥಲ್ಲಿ. ಈ ತಪ್ಪು ಬೆರಳ ತುದಿಯಿಂದ ಜಾರಿದ್ದಲ್ಲ. ಇನ್‌ವಾಯ್ಸ್ ಮಾಡಿದ ಕೂಡಲೇ ಸಾಫ್ಟ್‌ವೇರ್ ಮಾರಾಟ ದಾಖಲಿಸುತ್ತದೆ, ಡೆಲಿವರಿ ಷರತ್ತು ನೋಡುವುದಿಲ್ಲ. ಹಾಗಾದರೆ ಅದೇ ಷರತ್ತಿನ ಪ್ರತಿ ಗ್ರಾಹಕರಿಗೂ ಮಾರ್ಚ್ ಕೊನೆಯಲ್ಲಿ ಇದೇ ಆಗಿರಬೇಕು. 25ರಿಂದ 31 ಮಾರ್ಚ್‌ವರೆಗೆ ಎಫ್‌ಒಆರ್ ಡೆಸ್ಟಿನೇಷನ್‌ನ 11 ಇನ್‌ವಾಯ್ಸ್‌ಗಳು ಸಿಕ್ಕವು. ತಲುಪಿದ ರಸೀದಿ ನೋಡಿದಾಗ ಅವುಗಳಲ್ಲಿ 4 ಏಪ್ರಿಲ್‌ನಲ್ಲಿ ತಲುಪಿದ್ದವು. ಮೊದಲ ₹5.50 ಲಕ್ಷವೂ ಸೇರಿ ಜಿಎಸ್‌ಟಿ ಬಿಟ್ಟು ₹14.20 ಲಕ್ಷ. ಇದು ₹12 ಲಕ್ಷದ ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿಯನ್ನೂ ದಾಟಿತು. ಮಾಲಿನ ವೆಚ್ಚ ಮಾರಾಟದ ಶೇ 75 ಎಂದು ಫೈಲಿನ `H` ವಿಭಾಗದಲ್ಲಿ ಬಂದಿರುವುದರಿಂದ ₹10.65 ಲಕ್ಷ ಸ್ಟಾಕಿಗೆ ಹಿಂತಿರುಗುತ್ತದೆ. ಲಾಭದಲ್ಲಿ ಕಡಿಮೆಯಾಗುವುದು ₹3.55 ಲಕ್ಷ. 25ನೇ ತಾರೀಖೇ ಯಾಕೆ, 20 ಯಾಕಲ್ಲ ಎಂದು ಆಡಿಟ್ ಮ್ಯಾನೇಜರ್ ಕೇಳುತ್ತಾರೆ. ಆ ಉತ್ತರವೂ ಪೇಪರಿನಲ್ಲೇ ಇರಬೇಕು: ಕಂಪನಿಯ ಅತಿ ದೂರದ ಗ್ರಾಹಕರಿಗೂ ಮಾಲು ತಲುಪಲು ಆರು ದಿನಕ್ಕಿಂತ ಹೆಚ್ಚು ಹಿಡಿದಿಲ್ಲ ಎಂದು ವರ್ಷದ ಎಲ್‌ಆರ್‌ಗಳಿಂದ ಕಂಡಿದೆ.

ಕಂಪನಿ ₹14.20 ಲಕ್ಷದ ನಮೂದನ್ನೂ ₹42,000ವನ್ನೂ ಸರಿಪಡಿಸಿತು. ವಿಸ್ತರಿಸಿದ ₹1.74 ಲಕ್ಷದಲ್ಲಿ ಉಳಿದ ₹1.32 ಲಕ್ಷವನ್ನು ಸರಿಪಡಿಸಲು ಅವರ ಬಳಿ ನಿರ್ದಿಷ್ಟ ಬಿಲ್ ಇಲ್ಲ. ಅದು ಎಸ್‌ಎ 450 ಹೇಳುವ ಸರಿಪಡಿಸದ ತಪ್ಪುಗಳ ಪಟ್ಟಿಗೆ ಹೋಗಿ, ಬೇರೆ ವಿಭಾಗಗಳಿಂದ ಬಂದವುಗಳ ಜೊತೆ ಒಟ್ಟಾಗಿ ತೂಗಲ್ಪಡಬೇಕು. ಪಟ್ಟಿಯ ನಂಬರು `D-3`ರಲ್ಲಿ, `D-3`ರ ನಂಬರು ಪಟ್ಟಿಯಲ್ಲಿ ಇರಬೇಕು.

ಈಗ ನೋಟ್ ಮುಚ್ಚಬಹುದೇ? ಇನ್ನೂ ಇಲ್ಲ. ಮೇಲಿನದೆಲ್ಲ ನೋಟ್‌ನ ಉತ್ತರದ ಡಬ್ಬದಲ್ಲಿ ಬರೆದಿದೆ, ಪೇಪರಿನಲ್ಲಿ ಈಗಲೂ ‘ಟೈಮಿಂಗ್ ವ್ಯತ್ಯಾಸ. ಸರಿ ಇದೆ’ ಎಂದೇ ಇದೆ. ಅನೇಕ ಫರ್ಮ್‌ಗಳು ಮುಚ್ಚಿದ ನೋಟ್‌ಗಳನ್ನು ಫೈಲಿನಿಂದ ತೆಗೆದುಹಾಕುತ್ತವೆ. ಅದು ತಪ್ಪಲ್ಲ, ಅಪೂರ್ಣ ಯೋಚನೆಯ ಟಿಪ್ಪಣಿ, ಹಳೆಯ ಕರಡುಗಳನ್ನು ಇಟ್ಟುಕೊಳ್ಳಲೇಬೇಕು ಎಂದು ಎಸ್‌ಎ 230 ಹೇಳುವುದಿಲ್ಲ. ಆದರೆ ಪುರಾವೆ ನೋಟ್‌ನಲ್ಲಿ ಮಾತ್ರ ಇದ್ದರೆ ಅಳಿಸಿದಾಗ ಅದೂ ಅಳಿಯುತ್ತದೆ. ಆದ್ದರಿಂದ ಪೇಪರ್ ತಿದ್ದಿ, 11 ಬಿಲ್‌ಗಳ ಪಟ್ಟಿಯನ್ನು `D-3.1` ಎಂದು ಸೇರಿಸಿ, ತೀರ್ಮಾನ ಮತ್ತೆ ಬರೆದು, ಲೀಡ್ ಶೆಡ್ಯೂಲನ್ನು ಹೊಸ ಅಂಕಿಗೆ ತಂದು, ನೋಟ್‌ನಲ್ಲಿ ‘`D-3` ಸಾಲು 4 ತಿದ್ದಿದೆ, `D-3.1` ನೋಡಿ’ ಎಂದಷ್ಟೇ ಉತ್ತರಿಸಬೇಕು. ಅಕೌಂಟ್ಸ್ ಮ್ಯಾನೇಜರ್ ಜೊತೆಗಿನ ಮಾತುಕತೆ ಮುಖ್ಯ ವಿಷಯದ್ದಾದ್ದರಿಂದ ಯಾರ ಜೊತೆ, ಯಾವ ದಿನ, ಏನು ಎಂಬುದೂ ಪೇಪರಿಗೆ ಬರಬೇಕು.

ತೀರ್ಮಾನ ಈಗ ಹೀಗಾಗುತ್ತದೆ: ‘25 ಬಾಕಿಗಳಲ್ಲಿ ₹3.37 ಕೋಟಿ ಪರೀಕ್ಷಿಸಿದೆ. ಮಾರ್ಚ್ ಕೊನೆಯ ಮಾರಾಟದಲ್ಲಿ ₹14.20 ಲಕ್ಷ ತಪ್ಪು ಕಂಡು ಸರಿಪಡಿಸಲಾಗಿದೆ (`D-3.1`). ಸರಿಪಡಿಸದೆ ಉಳಿದ ಅಂದಾಜು ತಪ್ಪು ₹1.32 ಲಕ್ಷ, ತಪ್ಪುಗಳ ಪಟ್ಟಿಗೆ ಸೇರಿಸಿದೆ. ಇದಕ್ಕೊಳಪಟ್ಟು ಬಾಕಿಯ ಇರುವಿಕೆ ಮತ್ತು ಮೊತ್ತಕ್ಕೆ ಸಾಕಷ್ಟು ಪುರಾವೆ ದೊರೆತಿದೆ. ವಸೂಲಾತಿ `D-4`ರಲ್ಲಿ.’

ಕೆಲವೊಮ್ಮೆ ಒಪ್ಪಂದಕ್ಕೆ ಬರುವುದೇ ಇಲ್ಲ. ಮಾರಾಟ ಮಾರ್ಚ್‌ಗೇ ಸೇರುತ್ತದೆ ಎಂದು ಆಡಿಟ್ ಮ್ಯಾನೇಜರ್, ಇಲ್ಲ ಎಂದು ಸೀನಿಯರ್ ಹಟ ಹಿಡಿಯಬಹುದು. ಅಂಥ ಭಿನ್ನಾಭಿಪ್ರಾಯ ಮೇಲೆ ಹೋಗಿ ತೀರ್ಮಾನವಾಗುವ ತನಕ ಆಡಿಟ್ ರಿಪೋರ್ಟ್ ಹೊರಡಿಸುವಂತಿಲ್ಲ. ಫರ್ಮ್‌ಗಳ ಗುಣಮಟ್ಟ ನಿಯಂತ್ರಣದ ಮಾನದಂಡ ಎಸ್‌ಕ್ಯೂಸಿ 1 ಹೇಳುವ ಮಾತು ಇದು. ತೀರ್ಮಾನವನ್ನೂ ಅದರ ಕಾರಣವನ್ನೂ ಬರೆದಿಡಬೇಕು, ಇದನ್ನು ಅಳಿಸುವ ಪ್ರಶ್ನೆಯಿಲ್ಲ.

ಸಹಿ ಎಂದರೆ ಏನು

ತಯಾರಿಸಿದವರ ಸಹಿಯ ಅರ್ಥ, ಬರೆದಿರುವ ಕೆಲಸವನ್ನು ಈ ದಿನಕ್ಕೆ ನಾನು ಮುಗಿಸಿದ್ದೇನೆ ಎಂದು. ನೋಡಿದವರ ಸಹಿಯ ಅರ್ಥ, ಈ ಕೆಲಸವನ್ನು ಈ ದಿನ ನೋಡಿದ್ದೇನೆ, ಪುರಾವೆ ತೀರ್ಮಾನಕ್ಕೆ ಸಾಲುತ್ತದೆ ಎಂದು. ತೆರೆದ ನೋಟ್ ಇರುವಾಗ ಎರಡನೆಯದು ನಿಜವಾಗಲು ಸಾಧ್ಯವಿಲ್ಲ. ಸೀನಿಯರ್ 6 ಜೂನ್‌ಗೆ ನೋಟ್ ಎತ್ತಿದರು, ಆದರೆ `D-3`ಕ್ಕೆ ಸಹಿ ಹಾಕಬೇಕಾದದ್ದು ತಿದ್ದಿದ ಪೇಪರ್ ಬಂದ ಮೇಲೆ, ಅಂದಿನ ದಿನಾಂಕದಲ್ಲಿ. ತಯಾರಿಸಿದವರೂ ತಿದ್ದಿದ ದಿನಕ್ಕೆ ಮತ್ತೆ ಸಹಿ ಹಾಕಬೇಕು. ಸಹಿಯಾದ ಮೇಲೆ ಒಂದು ಅಂಕಿ ಬದಲಾದರೂ ಆ ಸಹಿ ಹಳೆಯ ಪೇಪರಿನದು. ಒಳ್ಳೆಯ ಸಾಫ್ಟ್‌ವೇರ್ ಅಂಥ ಪೇಪರಿಗೆ ಗುರುತು ಹಾಕಿ ತೋರಿಸುತ್ತದೆ. ಎಕ್ಸೆಲ್‌ನಲ್ಲಿ ಕೆಲಸ ಮಾಡುವವರು ಕೊನೆಯ ಸಹಿಗೆ ಮುಂಚೆ ಫೈಲಿನ ಬದಲಾವಣೆ ದಿನಾಂಕವನ್ನು ಸಹಿಯ ದಿನಾಂಕದೊಂದಿಗೆ ತಾಳೆ ನೋಡಬೇಕು.

ಎಲ್ಲ ಪುಟಕ್ಕೂ ಪಾರ್ಟ್‌ನರ್ ಸಹಿ ಬೇಕೆಂದಿಲ್ಲ. ಕಡಿಮೆ ಅನುಭವದವರ ಕೆಲಸವನ್ನು ಹೆಚ್ಚು ಅನುಭವದವರು ನೋಡಬೇಕು, ಯಾವ ಕೆಲಸವನ್ನು ಯಾರು ಯಾವಾಗ ನೋಡಿದರು ಎಂಬುದು ಬರವಣಿಗೆಯಲ್ಲಿರಬೇಕು ಎಂಬುದಷ್ಟೇ ಮಾನದಂಡದ ಮಾತು. ಈ ಫೈಲಿನಲ್ಲಿ ಸೀನಿಯರ್ ಪ್ರತಿ ಸಾಲನ್ನು ನೋಡುತ್ತಾರೆ. ಮ್ಯಾನೇಜರ್ ಸ್ಯಾಂಪಲ್‌ನ ಆಧಾರ, ವ್ಯತ್ಯಾಸಗಳು ಮತ್ತು ತೀರ್ಮಾನವನ್ನು ನೋಡುತ್ತಾರೆ. ಪಾರ್ಟ್‌ನರ್ ಮೆಟೀರಿಯಾಲಿಟಿ, ದೊಡ್ಡ ಅಪಾಯವೆಂದು ಗುರುತಿಸಿದ ವಿಭಾಗಗಳು, ತಪ್ಪುಗಳ ಪಟ್ಟಿ, ತೀರ್ಪು ಬೇಕಾದ ವಿಷಯಗಳನ್ನು ನೋಡುತ್ತಾರೆ. `D-3.1`ರ ಮಟ್ಟಿಗೆ, ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿ ದಾಟಿದ್ದರಿಂದ, ಪಾರ್ಟ್‌ನರ್ ನೋಡಲೇಬೇಕು. ಲಿಸ್ಟೆಡ್ ಕಂಪನಿಯಾಗಿದ್ದರೆ ತಂಡದ ಹೊರಗಿನ ಗುಣಮಟ್ಟ ಪರಿಶೀಲಕರ ಸಹಿಯೂ ರಿಪೋರ್ಟಿನ ದಿನಕ್ಕೆ ಮುಂಚೆ ಅಥವಾ ಅದೇ ದಿನ ಬೇಕು. ನಮ್ಮದು ಪ್ರೈವೇಟ್ ಕಂಪನಿ, ಫರ್ಮಿನ ನಿಯಮ ಕೇಳದಿದ್ದರೆ ಆ ಹಂತವಿಲ್ಲ.

ಹೊರಗಿನಿಂದ ಫೈಲು ನೋಡುವವರು ಮೊದಲು ದಿನಾಂಕಗಳನ್ನೇ ಸಾಲಾಗಿ ಬರೆದುಕೊಳ್ಳುತ್ತಾರೆ. ತಯಾರಿಸಿದವರಿಗಿಂತ ಮೊದಲು ನೋಡಿದವರ ಸಹಿ, ಎಂಬತ್ತು ಪೇಪರಿಗೂ ಪಾರ್ಟ್‌ನರ್ ಸಹಿ ಒಂದೇ ಸಂಜೆ, ರಿಪೋರ್ಟಿನ ದಿನದ ನಂತರ ಮುಗಿದ ಟೆಸ್ಟಿಂಗ್: ಇವು ಒಂದು ಪುಟ ಓದದೆಯೂ ಕಾಣುತ್ತವೆ. ಹಿಂದಿನ ದಿನಾಂಕ ಹಾಕಿ ಸರಿಮಾಡುವುದು ಇವೆಲ್ಲಕ್ಕಿಂತ ಕೆಟ್ಟದ್ದು. ತಡವಾದ ರಿವ್ಯೂ ಕೆಲಸದ ಲೋಪ, ಸುಳ್ಳು ದಿನಾಂಕ ನಡತೆಯ ಪ್ರಶ್ನೆ.

ರಿಪೋರ್ಟ್ ಆದ ಮೇಲೆ

ರಿಪೋರ್ಟಿಗೆ 20 ಆಗಸ್ಟ್ 2025ರ ದಿನಾಂಕ ಬಿತ್ತು ಎನ್ನೋಣ. ಫೈಲು ಜೋಡಿಸಿ ಮುಚ್ಚಲು ಎಸ್‌ಕ್ಯೂಸಿ 1 ಸಾಮಾನ್ಯವಾಗಿ ಕೊಡುವುದು 60 ದಿನ, ಅಂದರೆ 19 ಅಕ್ಟೋಬರ್. ಈ 60 ದಿನ ಉಳಿದ ಆಡಿಟ್ ಮಾಡಲು ಅಲ್ಲ. ಹಳೆಯ ಕರಡು ತೆಗೆಯುವುದು, ನಂಬರ್ ಜೋಡಿಸುವುದು, ಜೋಡಣೆಯ ಚೆಕ್‌ಲಿಸ್ಟ್‌ಗೆ ಸಹಿ, ರಿಪೋರ್ಟಿಗೆ ಮುಂಚೆಯೇ ದೊರೆತು ತಂಡದಲ್ಲಿ ಚರ್ಚಿಸಿ ಒಪ್ಪಿದ ಪುರಾವೆಯನ್ನು ಬರವಣಿಗೆಗೆ ತರುವುದು, ಇಷ್ಟೇ.

ಉತ್ತರ ಬಾರದ ಎಂಟು ಗ್ರಾಹಕರಲ್ಲಿ ಒಬ್ಬರ ಪತ್ರ 5 ಸೆಪ್ಟೆಂಬರ್‌ಗೆ ಬಂದರೆ ಏನು ಮಾಡಬೇಕು? ಅದನ್ನು ಮೊದಲೇ ಬಂದಂತೆ `D-3`ಕ್ಕೆ ಸೇರಿಸಿ ‘17 ಉತ್ತರ’ವನ್ನು ‘18’ ಮಾಡುವಂತಿಲ್ಲ. ಬಂದ ದಿನಾಂಕ ಹಾಕಿ ಪ್ರತ್ಯೇಕ ಇಡಿ. ಅದರಲ್ಲಿ ಬಾಕಿ ಹೊಂದಿದರೆ ಅಷ್ಟಕ್ಕೇ ಮುಗಿಯಿತು. ದೊಡ್ಡ ವ್ಯತ್ಯಾಸ ಕಂಡರೆ, ರಿಪೋರ್ಟಿನ ದಿನವೇ ಗೊತ್ತಿದ್ದರೆ ರಿಪೋರ್ಟ್ ಬದಲಾಗುತ್ತಿತ್ತೇ ಎಂದು ಕೇಳಿಕೊಳ್ಳಬೇಕು. ಹೌದಾದರೆ ಎಸ್‌ಎ 560ರ ದಾರಿ ಹಿಡಿದು ಆಡಳಿತದವರೊಂದಿಗೆ ಮಾತಾಡಬೇಕು, ಮಾಡಿದ ಹೊಸ ಕೆಲಸ, ಹೊಸ ತೀರ್ಮಾನ, ಯಾರು ಯಾವಾಗ ಮಾಡಿದರು, ಯಾರು ನೋಡಿದರು ಎಂದು ಬೇರೆಯೇ ಬರೆಯಬೇಕು.

ಫೈಲು ಮುಚ್ಚಿದ ಮೇಲೆ ಏನನ್ನೂ ತೆಗೆಯುವಂತಿಲ್ಲ. ಸೇರಿಸಲೇಬೇಕಾದರೆ ಕಾರಣ, ಯಾರು, ಯಾವಾಗ, ನೋಡಿದವರು ಯಾರು ಎಂಬುದು ಜೊತೆಗಿರಬೇಕು. ಇಟ್ಟುಕೊಳ್ಳಬೇಕಾದ ಅವಧಿ ರಿಪೋರ್ಟಿನ ದಿನದಿಂದ ಕನಿಷ್ಠ 7 ವರ್ಷ, ನಮ್ಮ ಉದಾಹರಣೆಯಲ್ಲಿ 20 ಆಗಸ್ಟ್ 2032ರವರೆಗೆ. ಆ ಹೊತ್ತಿಗೆ ಆರ್ಟಿಕಲ್ ಅಸಿಸ್ಟೆಂಟ್ ಬೇರೆ ಊರಿನಲ್ಲಿ ಸ್ವಂತ ಪ್ರಾಕ್ಟೀಸ್ ನಡೆಸುತ್ತಿರಬಹುದು, ಸೀನಿಯರ್ ಯಾವುದೋ ಕಂಪನಿಯ ಫೈನಾನ್ಸ್ ವಿಭಾಗದಲ್ಲಿರಬಹುದು. 29 ಮಾರ್ಚ್‌ನ ಆ ಇನ್‌ವಾಯ್ಸ್‌ನ ಬಗ್ಗೆ ಯಾರಾದರೂ ಕೇಳಿದರೆ ತೆರೆದು ತೋರಿಸಲು ಇರುವುದು `D-3` ಮತ್ತು `D-3.1` ಎರಡೇ.